ರಾಜೀನಾಮೆ ಪತ್ರ ಐದಾರು ಸಾಲು, ಪಾರ್ಟಿಗಳ ಹ್ಯಾಂಡೋವರ್ ಅರವತ್ತು ದಿನ

ಪ್ರಶ್ನೆ: ಸರ್, ಪೀಣ್ಯದಲ್ಲಿ ಕಾರ್ಟನ್ ಬಾಕ್ಸ್ ಮಾಡೋ ಕಂಪನಿಯಲ್ಲಿ ಏಳು ವರ್ಷದಿಂದ ಸೇಲ್ಸ್ ಮ್ಯಾನೇಜರ್ ಆಗಿದೀನಿ. ಬೇರೆ ಪ್ಯಾಕೇಜಿಂಗ್ ಕಂಪನಿಯಿಂದ ಆಫರ್ ಬಂದು ಒಪ್ಕೊಂಡಿದೀನಿ, ಇಲ್ಲಿ 60 ದಿನ ನೋಟಿಸ್ ಇದೆ, ಜೂನ್ 2ಕ್ಕೆ ಪತ್ರ ಕೊಡೋಣ ಅಂತಿದೀನಿ. ನನ್ನ ಕೈಲಿ ಮೂರು ದೊಡ್ಡ ಪಾರ್ಟಿ: ಬಿಸ್ಕೆಟ್ ಫ್ಯಾಕ್ಟರಿ ತಿಂಗಳಿಗೆ 38 ಲಕ್ಷ, ಔಷಧಿ ಕಂಪನಿ 22 ಲಕ್ಷ, ಗಾರ್ಮೆಂಟ್ಸ್ ಎಕ್ಸ್‌ಪೋರ್ಟರ್ 15 ಲಕ್ಷ. ಗಾರ್ಮೆಂಟ್ಸ್‌ನೋರದು 52 ಲಕ್ಷ ಬಾಕಿ ಇದೆ, ಅವರಿಗೆ ವರ್ಷದ ಕೊನೆಗೆ ಒಂದೂವರೆ ಪರ್ಸೆಂಟ್ ಡಿಸ್ಕೌಂಟ್ ಕೊಡಿಸ್ತೀನಿ ಅಂತ ಬಾಯಿಮಾತಲ್ಲಿ ಹೇಳಿಬಿಟ್ಟಿದೀನಿ. ಪತ್ರದಲ್ಲಿ ಏನ್ ಬರೀಲಿ, ಹ್ಯಾಂಡೋವರ್ ಪ್ಲಾನ್ ಅದರೊಳಗೇ ಹಾಕ್ಬೇಕಾ? ಆಮೇಲೆ ನನ್ನ ತಲೆ ಮೇಲೆ ಏನೂ ಬರಬಾರದು.

ಉತ್ತರ:

ಜೂನ್ 2 ಅಂತ ಡೇಟ್ ಫಿಕ್ಸ್ ಮಾಡೋಕೆ ಮುಂಚೆ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ಮತ್ತೆ ಇನ್ಸೆಂಟಿವ್ ಸ್ಕೀಮ್ ಪೇಪರ್ ಹುಡುಕಿ ತೆಗೆದು ಒಂದ್ಸಲ ಓದಿ. ಸೇಲ್ಸ್‌ನೋರು ದುಡ್ಡು ಕಳ್ಕೊಳ್ಳೋದು ಇಲ್ಲೇ. ಜೂನ್ 2ಕ್ಕೆ ಪತ್ರ ಕೊಟ್ಟು ಮಾರನೇ ದಿನದಿಂದ ಎಣಿಸಿದ್ರೆ ಜೂನ್‌ನಲ್ಲಿ 28 ದಿನ, ಜುಲೈನಲ್ಲಿ 31, ಒಟ್ಟು 59 ಆಯ್ತು, ಅರವತ್ತನೇ ದಿನ ಆಗಸ್ಟ್ 1. ಏಪ್ರಿಲ್-ಜೂನ್ ಕ್ವಾರ್ಟರ್ ಇನ್ಸೆಂಟಿವ್ ನೀವು ದುಡಿದಿರೋದೇ, ಆದ್ರೆ ಸುಮಾರು ಕಂಪನಿಗಳ ಸ್ಕೀಮ್‌ನಲ್ಲಿ "ದುಡ್ಡು ಕೊಡೋ ದಿನ ನೌಕರ ರೋಲ್ಸ್‌ನಲ್ಲಿ ಇರಬೇಕು" ಅಂತ ಒಂದು ಸಾಲು ಇರುತ್ತೆ, ಕೆಲವು ಕಡೆ ನೋಟಿಸ್‌ನಲ್ಲಿ ಇರೋರಿಗೆ ಇಲ್ಲವೇ ಇಲ್ಲ ಅಂತಾನೂ ಇರುತ್ತೆ. ಪೇಔಟ್ ಆಗಸ್ಟ್ 15ಕ್ಕೆ ಅಂತಿದ್ರೆ ನೀವು 14 ದಿನ ಮುಂಚೆ ಹೊರಗೆ. ಹಾಗಿದ್ರೆ ಒಂದೋ ಪತ್ರ ಎರಡು-ಮೂರು ವಾರ ಮುಂದಕ್ಕೆ ಹಾಕಿ, ಇಲ್ಲಾಂದ್ರೆ ಓನರ್ ಹತ್ರ ಮಾತಾಡೋ ದಿನವೇ ಇದನ್ನ ಕೇಳಿ ಮೇಲ್‌ನಲ್ಲಿ ಬರೆಸ್ಕೊಳ್ಳಿ. ಹೊರಗೆ ಹೋದ ಮೇಲೆ ಕೇಳಿದ್ರೆ ಯಾರೂ ಕೊಡಲ್ಲ.

ಇನ್ನು ಪತ್ರ. ಹ್ಯಾಂಡೋವರ್ ಪ್ಲಾನ್ ಅದರೊಳಗೆ ಹಾಕ್ಬೇಡಿ. ರಾಜೀನಾಮೆ ಪತ್ರ ಎಚ್‌ಆರ್ ಫೈಲಿಗೆ ಹೋಗುತ್ತೆ, ನಾಕು ಜನಕ್ಕೆ ಫಾರ್ವರ್ಡ್ ಆಗುತ್ತೆ, ಅದರಲ್ಲಿ ಪಾರ್ಟಿ ಹೆಸರು, ರೇಟು, ಬಾಕಿ ಇರಬಾರದು. ಇನ್ನೊಂದು ಕಾರಣ, ಪತ್ರ ಅನ್ನೋದು ಒಂದೇ ಸಲ ಕೊಡೋದು, ಪ್ಲಾನ್ ಮಾತ್ರ ವಾರ ವಾರ ಬದಲಾಗುತ್ತೆ, ಪತ್ರದೊಳಗೆ ಬರೆದು ಕೂತ್ರೆ "ನೀವೇ ಬರ್ಕೊಟ್ಟಿದ್ರಲ್ಲ, ಇದು ಮುಗೀಲಿಲ್ಲ" ಅಂತ ರಿಲೀವಿಂಗ್ ಲೆಟರ್ ತಡೆಹಿಡಿಯೋಕೆ ಅದೇ ನೆಪ ಆಗುತ್ತೆ. ನಾನಾಗಿದ್ರೆ ಹೀಗೆ ಬರೀತಿದ್ದೆ, ಇಂಗ್ಲಿಷಲ್ಲಿ ಕೊಟ್ರೂ ಇದೇ ಕ್ರಮ:

"ಮಾನ್ಯರೇ, ನಾನು ಸೇಲ್ಸ್ ಮ್ಯಾನೇಜರ್ ಹುದ್ದೆಗೆ ಈ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನನ್ನ ನೇಮಕಾತಿ ಪತ್ರದಲ್ಲಿರುವ 60 ದಿನಗಳ ನೋಟಿಸ್ ಅವಧಿಯಂತೆ ನನ್ನ ಕೊನೆಯ ಕೆಲಸದ ದಿನ ಆಗಸ್ಟ್ 1 ಆಗಿರುತ್ತದೆ. ನನ್ನ ಜವಾಬ್ದಾರಿಯಲ್ಲಿರುವ ಗ್ರಾಹಕರ ವಿವರ ಮತ್ತು ಹಸ್ತಾಂತರದ ವೇಳಾಪಟ್ಟಿಯನ್ನು ಜೂನ್ 9ರೊಳಗೆ ಪ್ರತ್ಯೇಕವಾಗಿ ತಮಗೆ ಕೊಡುತ್ತೇನೆ. ಯಾರಿಗೆ ಹಸ್ತಾಂತರಿಸಬೇಕೆಂದು ತಿಳಿಸಿದರೆ ಅವರೊಂದಿಗೆ ಕೂಡಲೇ ಕೆಲಸ ಆರಂಭಿಸುತ್ತೇನೆ. ಏಳು ವರ್ಷ ತಾವು ಕೊಟ್ಟ ಅವಕಾಶಕ್ಕೆ ಧನ್ಯವಾದಗಳು. ದಯವಿಟ್ಟು ಈ ಪತ್ರ ತಲುಪಿದ್ದಕ್ಕೆ ಮತ್ತು ಕೊನೆಯ ದಿನಾಂಕಕ್ಕೆ ಲಿಖಿತವಾಗಿ ಒಪ್ಪಿಗೆ ತಿಳಿಸಿ."

ಅಷ್ಟೇ. "ರಾಜೀನಾಮೆ ಕೊಡಬೇಕು ಅಂದ್ಕೊಂಡಿದೀನಿ" ಅಂತ ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಕಾರಣ ಬೇಡ, ಹೊಸ ಕಂಪನಿ ಹೆಸರು ಬೇಡ, ಏಳು ವರ್ಷದ ಅಸಮಾಧಾನ ಅಂತೂ ಬೇಡವೇ ಬೇಡ. ತಾರೀಕು ಮಾತ್ರ ನೀವೇ ಬರೀರಿ, ಬಿಟ್ರೆ ಅವರು ಅವರ ಲೆಕ್ಕದಲ್ಲಿ ಹಾಕ್ತಾರೆ. ಒಳ್ಳೆತನ ತೋರಿಸೋಕೆ ಹೋಗಿ ಜನ ಬರೆಯೋ ಎರಡು ವಾಕ್ಯ ಇದಾವೆ, ಎರಡೂ ಗುಂಡಿ: ಒಂದು, "ಕಂಪನಿಗೆ ತೃಪ್ತಿ ಆಗೋವರೆಗೂ ಹ್ಯಾಂಡೋವರ್ ಮಾಡ್ತೀನಿ", ತೃಪ್ತಿ ಯಾವಾಗ ಆಗುತ್ತೆ ಅಂತ ಹೇಳೋರು ಅವರು. ಇನ್ನೊಂದು, "ಎಲ್ಲಾ ಔಟ್‌ಸ್ಟ್ಯಾಂಡಿಂಗ್ ವಸೂಲಿ ಮಾಡಿಯೇ ಹೋಗ್ತೀನಿ". ಪಾರ್ಟಿ ದುಡ್ಡು ಕೊಡೋದು ಬಿಡೋದು ನಿಮ್ಮ ಕೈಲಿಲ್ಲ, ಹಾಗಿರುವಾಗ ಸಹಿ ಹಾಕಿ ಯಾಕೆ ಹೊತ್ಕೊಳ್ತೀರಿ. ಪತ್ರ ಕೈಗೆ ಕೊಡಿ, ಅದೇ ದಿನ ಆಫೀಸ್ ಮೇಲ್‌ನಿಂದ ಕಳಿಸಿ, ನಿಮ್ಮ ಸ್ವಂತ ಮೇಲ್‌ಗೂ ಒಂದು ಸಿಸಿ ಹಾಕಿ, ಯಾಕಂದ್ರೆ ಆಫೀಸ್ ಮೇಲ್ ಯಾವತ್ತು ಲಾಕ್ ಆಗುತ್ತೋ ಗೊತ್ತಿಲ್ಲ.

ಓನರ್‌ಗೆ ಮೊದಲು ಎದುರು ಕೂತು ಹೇಳಿ, ಆಮೇಲೆ ಪತ್ರ. ಪಾರ್ಟಿಗಳಿಗೆ ಆವತ್ತು ಒಂದಕ್ಷರ ಹೇಳಬೇಡಿ. ಪಾರ್ಟಿ ಕಡೆಯ ಪರ್ಚೇಸ್ ಮ್ಯಾನೇಜರ್ ದೋಸ್ತಿಗೆ ನೀವು ಕಿವೀಲಿ ಹೇಳಿದ್ದು ಸಂಜೆಯೊಳಗೆ ನಿಮ್ಮ ಓನರ್‌ಗೆ ಫೋನಲ್ಲಿ ವಾಪಸ್ ಬರುತ್ತೆ, ಅಲ್ಲಿಗೆ ಏಳು ವರ್ಷದ ಸಂಬಂಧ ಮುಗೀತು.

ಈಗ ಮುಖ್ಯ ವಿಷಯ. ಹ್ಯಾಂಡೋವರ್ ಅಂದ್ರೆ ಎಲ್ಲರೂ ಎಕ್ಸೆಲ್ ಶೀಟ್‌ನಲ್ಲಿ ಪಾರ್ಟಿ ಹೆಸರು, ಕಾಂಟ್ಯಾಕ್ಟ್ ನಂಬರ್, ತಿಂಗಳ ಸೇಲ್ಸ್ ಬರೆದು ಕೊಡ್ತಾರೆ. ಅದು ಟ್ಯಾಲಿಯಲ್ಲೇ ಇದೆ, ಅದಕ್ಕೆ ನೀವು ಬೇಕಿಲ್ಲ. ನೀವು ಬರ್ಕೊಡಬೇಕಾಗಿರೋದು ಟ್ಯಾಲಿಯಲ್ಲಿ ಇಲ್ಲದ್ದು: ಬಾಯಿಮಾತು, ವಾಟ್ಸಾಪ್ ಮೇಲೆ ನಡೀತಿರೋ ವ್ಯವಹಾರ, ಪೇಪರ್ ಮೇಲೆ ಒಂದು ನಡೆಯೋದು ಇನ್ನೊಂದು. ಆಮೇಲೆ ಮೂರು ಪಾರ್ಟಿಯ ಕ್ರಮ ಹಾಕೋವಾಗ ಸೇಲ್ಸ್ ನೋಡಬೇಡಿ, ನೀವು ಎದ್ದು ಹೋದ್ರೆ ಎಲ್ಲಿ ಜಾಸ್ತಿ ಗೊಂದಲ ಆಗುತ್ತೆ ಅಂತ ನೋಡಿ. ಆ ಲೆಕ್ಕದಲ್ಲಿ ನಿಮ್ಮ ಅತಿ ಚಿಕ್ಕ ಪಾರ್ಟಿ, ಆ ಗಾರ್ಮೆಂಟ್ಸ್‌ನೋರೇ ಮೊದಲು.

ಅಲ್ಲಿಂದ ಶುರು ಮಾಡೋಣ. 52 ಲಕ್ಷ ಬಾಕಿ ಅಂದ್ರಿ, ತಿಂಗಳಿಗೆ 15 ಲಕ್ಷದ ಸಪ್ಲೈಗೆ ಅದು ಸುಮಾರು ಮೂರೂವರೆ ತಿಂಗಳ ಮಾಲು. ಅವರ ಪರ್ಚೇಸ್ ಆರ್ಡರ್, ಅಂದ್ರೆ ಪಿಓದಲ್ಲಿ ಕ್ರೆಡಿಟ್ 60 ದಿನ ಅಂತ ಇರುತ್ತೆ, ನಡೀತಿರೋದು 90ರ ಮೇಲೆ, ನೀವು ಫೋನ್ ಮಾಡಿ ಮಾಡಿ ತರ್ತಿದೀರಿ. ನೀವು ಹೋದ ಮೇಲೆ ಅಲ್ಲಿಯ ಅಕೌಂಟ್ಸ್‌ನೋರು ಮೊದಲು ಹೇಳೋ ಮಾತು "ಲೆಡ್ಜರ್ ತಾಳೆ ಆಗ್ತಿಲ್ಲ, ಅದು ಆದ್ಮೇಲೆ ಪೇಮೆಂಟ್". ಅದಕ್ಕೆ ಮೊದಲ ಹತ್ತು ದಿನದೊಳಗೆ ಅವರ ಲೆಡ್ಜರ್ ತರಿಸಿ ಪಕ್ಕಪಕ್ಕ ಇಟ್ಟು ನೋಡಿ. ಲೆಕ್ಕ ಹೇಗೆ ಹಿಡಿಯೋದು ಅಂತ ಒಂದು ಉದಾಹರಣೆ ಕೊಡ್ತೀನಿ. ನಿಮ್ಮಲ್ಲಿ 52.4 ಲಕ್ಷ ತೋರಿಸ್ತಿದೆ, ಅವರಲ್ಲಿ 49.1 ಅಂತ ಇಟ್ಕೊಳ್ಳಿ. ವ್ಯತ್ಯಾಸ 3.3 ಲಕ್ಷ. ಹುಡುಕಿದ್ರೆ ಅದು ಸಾಮಾನ್ಯವಾಗಿ ಎರಡೇ ಜಾಗದಲ್ಲಿ ಸಿಗುತ್ತೆ. 1.8 ಲಕ್ಷದ ಡೆಬಿಟ್ ನೋಟ್, ಮಳೆಗಾಲದಲ್ಲಿ ಬಾಕ್ಸ್ ಪದರ ಬಿಟ್ಕೊಂಡಿದೆ ಅಂತ ಅವರು ಹಾಕಿರೋದು, ನೀವು ಒಪ್ಪಿದೀನಿ ಅಂತಾನೂ ಹೇಳಿಲ್ಲ ಇಲ್ಲ ಅಂತಾನೂ ಹೇಳಿಲ್ಲ, ಹಾಗಾಗಿ ನಿಮ್ಮ ಅಕೌಂಟ್ಸ್ ಅದನ್ನ ತಗೊಂಡೇ ಇಲ್ಲ. ಉಳಿದ 1.5 ಲಕ್ಷ ಒಂದು ಇನ್ವಾಯ್ಸ್, ಮಾಲು ಇಳಿದಿದೆ ಆದ್ರೆ ಅವರ ಸ್ಟೋರ್‌ನೋರು ಮಾಲು ಬಂತು ಅಂತ ಬರೆಯೋ ಜಿಆರ್‌ಎನ್ ಮಾಡಿಲ್ಲ. ಎರಡಕ್ಕೂ ದಾರಿ ಬೇರೆ ಬೇರೆ: ಜಿಆರ್‌ಎನ್ ಆಗದ್ದಕ್ಕೆ ಗಾಡಿ ಇಳಿಸಿದಾಗ ಸ್ಟೋರ್ ಸೀಲ್ ಹಾಕಿರೋ ಡೆಲಿವರಿ ಚಲನ್ ಕಾಪಿ ಹುಡುಕಿ ನೀವೇ ತಗೊಂಡು ಹೋಗಿ ಮಾಡಿಸಿ, ಡೆಬಿಟ್ ನೋಟ್ ವಿಷಯ ಮಾತ್ರ ಓನರ್ ಮುಂದೆ ಇಟ್ಟು ಒಪ್ಪೋದೋ ಬಿಡೋದೋ ಅವರೇ ತೀರ್ಮಾನ ಮಾಡಲಿ. ಮುಗಿದ ಮೇಲೆ ಬ್ಯಾಲೆನ್ಸ್ ಕನ್ಫರ್ಮೇಶನ್ ಲೆಟರ್‌ಗೆ ಅವರ ಅಕೌಂಟ್ಸ್ ಸೀಲು ಸಹಿ. ಈ ಒಂದು ಹಾಳೆ ನಿಮ್ಮ ಎಲ್ಲಾ ಎಕ್ಸೆಲ್ ಶೀಟ್‌ಗಿಂತ ಜಾಸ್ತಿ ಕೆಲಸಕ್ಕೆ ಬರುತ್ತೆ, ಯಾಕಂದ್ರೆ ನೀವು ಬಿಡೋ ದಿನ ಬಾಕಿ ಎಷ್ಟಿತ್ತು ಅಂತ ಆಮೇಲೆ ಯಾರೂ ಎಳೆದಾಡೋ ಹಾಗಿಲ್ಲ.

ಆ ಒಂದೂವರೆ ಪರ್ಸೆಂಟ್. ತಿಂಗಳಿಗೆ 15 ಅಂದ್ರೆ ವರ್ಷಕ್ಕೆ 1.8 ಕೋಟಿ, ಅದರ ಒಂದೂವರೆ ಪರ್ಸೆಂಟ್ 2.7 ಲಕ್ಷ. ಇದನ್ನ ನೀವು ಈಗ ಹೇಳದೇ ಹೋದ್ರೆ ಮುಂದಿನ ಏಪ್ರಿಲ್‌ನಲ್ಲಿ ಅವರು ಯಾರನ್ನೂ ಕೇಳದೆ ಪೇಮೆಂಟ್‌ನಲ್ಲಿ ಕಟ್ ಮಾಡ್ಕೊಳ್ತಾರೆ, ನಿಮ್ಮ ಜಾಗಕ್ಕೆ ಬಂದೋನು ಯಾಕೆ ಅಂತ ಕೇಳಿದಾಗ "ಹಳೇ ಮ್ಯಾನೇಜರ್ ಒಪ್ಪಿದ್ರು" ಅಂತಾರೆ. ಆಗ ನೀವು ಆಫೀಸಲ್ಲಿ ಇಲ್ಲ, ಹೇಳೋಕೆ ಬಾಯಿಲ್ಲ, ಬಾಯಿಗೆ ಬಂದ ಕಥೆ ಎಲ್ಲಾ ಹುಟ್ಕೊಳ್ಳುತ್ತೆ, ಕಮಿಷನ್ ತಿಂದಿದ್ದ ಅನ್ನೋವರೆಗೂ. ನನಗೇ ಆಗಿದೆ. ಇಪ್ಪತ್ತು ವರ್ಷದ ಹಿಂದೆ ನಾನು ಬಿಟ್ಟ ಒಂದು ಕಂಪನಿಯಲ್ಲಿ ಒಂದು ಪಾರ್ಟಿಗೆ ಲಾರಿ ಬಾಡಿಗೆ ನಾವೇ ಕೊಡ್ತೀವಿ ಅಂತ ಬಾಯಲ್ಲಿ ಒಪ್ಪಿದ್ದೆ, ಬರ್ಕೊಡೋದು ಮರೆತೆ, ನಲವತ್ತು ಸಾವಿರದ ಆ ವಿಷಯಕ್ಕೆ ನನ್ನ ಫೈನಲ್ ಸೆಟ್ಲ್‌ಮೆಂಟ್ ಏಳು ತಿಂಗಳು ಎಳೆದಾಡಿದ್ರು. ಅದಕ್ಕೆ ನಿಮಗೆ ಹೇಳ್ತಿರೋದು, ಪತ್ರ ಕೊಟ್ಟ ವಾರದಲ್ಲೇ ಓನರ್‌ಗೆ ನೇರವಾಗಿ ಹೇಳಿ: "ಸರ್, ಇಂಥ ದಿನ ಸುಮಾರಿಗೆ ಈ ಮಾತು ಕೊಟ್ಟಿದೀನಿ, ನಿಮಗೆ ಆಗ ಹೇಳಿರಲಿಲ್ಲ, ವರ್ಷಕ್ಕೆ ಇಷ್ಟಾಗುತ್ತೆ, ಕೊಡೋಣವಾ ಬೇಡವಾ ನೀವೇ ಹೇಳಿ." ಬೈತಾರೆ, ಬೈಸ್ಕೊಳ್ಳಿ. ಕೊಡೋಣ ಅಂದ್ರೆ ಪಾರ್ಟಿಗೆ ಕಂಪನಿ ಕಡೆಯಿಂದ ಮೇಲ್ ಹೋಗಲಿ, ಎಷ್ಟು ಸೇಲ್ಸ್ ದಾಟಿದ್ರೆ, ಎಷ್ಟು ದಿನದೊಳಗೆ ಪೇಮೆಂಟ್ ಬಂದ್ರೆ ಅನ್ನೋ ಷರತ್ತು ಸಮೇತ. ಬೇಡ ಅಂದ್ರೆ ನೀವೇ ಹೋಗಿ ಪಾರ್ಟಿಗೆ ಹೇಳಬೇಕು, ಹೊಸಬನ ಮೇಲೆ ಹಾಕಿ ಹೋಗಬಾರದು.

ಬಿಸ್ಕೆಟ್ ಫ್ಯಾಕ್ಟರಿ ತೊಂದರೆ ಬೇರೆ ಥರದ್ದು, ಅಲ್ಲಿ ದುಡ್ಡಿಗಿಂತ ಸ್ಟಾಕ್ ನೋಡಿ. ಇಂಥ ಪಾರ್ಟಿಗಳು ಬೆಳಿಗ್ಗೆ ಫೋನ್ ಮಾಡಿ ಸಂಜೆಗೆ ಬಾಕ್ಸ್ ಕೇಳ್ತವೆ, ಅದಕ್ಕೆ ನಾವು ಅವರ ಪ್ರಿಂಟ್ ಇರೋ ಬಾಕ್ಸನ್ನ ಒಂದು ವಾರದ ಬಫರ್ ಅಂತ ನಮ್ಮ ಗೋಡೌನ್‌ನಲ್ಲಿ ಮಾಡಿಟ್ಟಿರ್ತೀವಿ, ಅದೂ ಪಿಓ ಇಲ್ಲದೆ, "ಮಾಡಿಡಿ ಸಾರ್ ತಗೋತೀವಿ" ಅನ್ನೋ ಒಂದು ವಾಟ್ಸಾಪ್ ಮೆಸೇಜ್ ನಂಬ್ಕೊಂಡು. 40 ಸಾವಿರ ಬಾಕ್ಸು, ಒಂದಕ್ಕೆ 14 ರೂಪಾಯಿ ಅಂದ್ರೂ 5.6 ಲಕ್ಷ. ನಾಳೆ ಅವರು ಆರ್ಟ್‌ವರ್ಕ್ ಬದಲಾಯಿಸಿದ್ರೆ ಅಷ್ಟೂ ರದ್ದಿ, ಬೇರೆ ಯಾರಿಗೂ ಮಾರೋಕಾಗಲ್ಲ. ನಿಮ್ಮ ಕಂಪನಿಯಲ್ಲೂ ಹೀಗೇ ನಡೀತಿದ್ರೆ ಗೋಡೌನ್‌ಗೆ ಖುದ್ದಾಗಿ ಹೋಗಿ, ಯಾವ ಸೈಜ್ ಎಷ್ಟಿದೆ ಎಣಿಸಿ, ಬಿಸ್ಕೆಟ್‌ನೋರ ಪರ್ಚೇಸ್‌ಗೆ ಕಂಪನಿ ಮೇಲ್‌ನಿಂದ ಒಂದು ಸಾಲು ಹಾಕಿ, "ತಮ್ಮ ಸೂಚನೆ ಪ್ರಕಾರ ಈ ಸೈಜ್‌ನ ಇಷ್ಟು ಬಾಕ್ಸ್ ಸ್ಟಾಕ್ ಇದೆ, ದಯವಿಟ್ಟು ಓಪನ್ ಪಿಓ ಕೊಡಿ" ಅಂತ. ಪಿಓ ಬರದಿದ್ರೂ "ಸರಿ" ಅಂತ ಒಂದು ರಿಪ್ಲೈ ಬಂದ್ರೆ ಮುಂದೆ ಬರೋನಿಗೆ ಹಿಡ್ಕೊಳ್ಳೋಕೆ ಏನೋ ಒಂದು ಇರುತ್ತೆ.

ಇದೇ ಪಾರ್ಟಿಗೆ ರೇಟ್ ವಿಷಯವೂ ಬರ್ಕೊಡಿ. ಕ್ರಾಫ್ಟ್ ಪೇಪರ್ ರೇಟ್ ಏರಿದಾಗ ನಾವು ಬಾಕ್ಸ್ ರೇಟ್ ಏರಿಸಬೇಕು, ಅವರು "ಈ ಸಲ ಬಿಡಿ, ಮುಂದಿನ ಸಲ ನೋಡೋಣ" ಅಂದಿರ್ತಾರೆ. ಕೊನೇ ರಿವಿಶನ್ ಯಾವಾಗ ಆಯ್ತು, ಆಗ ಪೇಪರ್ ಕೆಜಿಗೆ ಎಷ್ಟಿತ್ತು, ಎಷ್ಟು ಸಲ ಬಿಟ್ಕೊಟ್ಟಿದೀರಿ, ಬದಲಿಗೆ ಅವರು ಏನು ಕೊಡ್ತೀವಿ ಅಂದಿದ್ರು. ಹೊಸಬ ಇದು ಗೊತ್ತಿಲ್ಲದೆ ಮೊದಲ ಮೀಟಿಂಗ್‌ನಲ್ಲೇ ಮತ್ತೆ ಬಿಟ್ಕೊಟ್ರೆ ಓನರ್‌ಗೆ ಆ ವರ್ಷ ಪೂರ್ತಿ ಹೊಡೆತ. ಹಾಗೇ ಬಾಕ್ಸ್ ಮೇಲೆ ಪ್ರಿಂಟ್ ಹಾಕೋ ಸ್ಟೀರಿಯೋ ಮತ್ತೆ ಬಾಕ್ಸ್ ಕತ್ತರಿಸೋ ಡೈ ಯಾರ ದುಡ್ಡಲ್ಲಿ ಮಾಡಿಸಿದ್ದು ಅಂತ ಬರೀರಿ, ಪಾರ್ಟಿ ಬಿಟ್ಟು ಹೋಗೋ ದಿನ ಜಗಳ ಶುರುವಾಗೋದು ಅಲ್ಲೇ.

ಔಷಧಿ ಕಂಪನಿ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಅಂಥ ಕಡೆ ಎಲ್ಲಾ ಕಾಗದದ ಮೇಲಿರುತ್ತೆ, ವೆಂಡರ್ ಅಪ್ರೂವಲ್, ಸ್ಪೆಸಿಫಿಕೇಶನ್, ಪ್ರತಿ ಲಾಟ್‌ಗೆ ಟೆಸ್ಟ್ ರಿಪೋರ್ಟ್. ಅಲ್ಲಿ ಪರ್ಚೇಸ್‌ಗಿಂತ ಕ್ವಾಲಿಟಿಯೋರ ಪರಿಚಯ ಮಾಡಿಸಿ, ಮುಂದಿನ ಆಡಿಟ್ ಯಾವಾಗ ಅಂತ ಡೇಟ್ ಬರ್ಕೊಡಿ, ಹೋದ ಸಲ ಆಡಿಟ್‌ನಲ್ಲಿ ಹಿಡಿದಿದ್ದನ್ನ ಸರಿ ಮಾಡಿದೀವಾ ಇಲ್ವಾ ಅನ್ನೋದನ್ನೂ ಸೇರಿಸಿ. ಮುಗೀತು.

ವೇಳಾಪಟ್ಟಿ ಹೇಗಿರಲಿ ಅಂದ್ರೆ, ಮೊದಲ ವಾರ ಓನರ್ ಜೊತೆ, ಎರಡನೇ ವಾರ ಲೆಡ್ಜರ್, ಗೋಡೌನ್, ಬರವಣಿಗೆ. ಮೂರರಿಂದ ಐದನೇ ವಾರದವರೆಗೆ ಹೊಸಬನನ್ನ ಕರ್ಕೊಂಡು ಪಾರ್ಟಿಗಳ ಹತ್ರ ಹೋಗೋದು, ಗಾರ್ಮೆಂಟ್ಸ್ ಮೊದಲು, ಆಮೇಲೆ ಬಿಸ್ಕೆಟ್, ಕೊನೆಗೆ ಔಷಧಿ. ಪಾರ್ಟಿಗೆ ಹೇಳೋ ಮಾತು ಮೊದಲೇ ಓನರ್ ಜೊತೆ ಕೂತು ಒಂದೇ ಥರ ಮಾಡ್ಕೊಳ್ಳಿ: ನಾನು ಆಗಸ್ಟ್ 1ಕ್ಕೆ ಬಿಡ್ತಿದೀನಿ, ಇನ್ಮುಂದೆ ಇವರು ನೋಡ್ಕೊಳ್ತಾರೆ, ರೇಟು ಕ್ರೆಡಿಟ್ ಎಲ್ಲಾ ಹಾಗೇ ಇರುತ್ತೆ. ಎಲ್ಲಿಗೆ ಹೋಗ್ತಿದೀರಿ ಅಂತ ಕೇಳೇ ಕೇಳ್ತಾರೆ, "ಆಮೇಲೆ ಕಾಫಿಗೆ ಸಿಗೋಣ" ಅಂದು ನಕ್ಕುಬಿಡಿ. ಮೊದಲ ಭೇಟಿಯಲ್ಲಿ ನೀವು ಮಾತಾಡಿ, ಎರಡನೆಯದರಲ್ಲಿ ಹೊಸಬ ಮಾತಾಡಲಿ, ನೀವು ಪಕ್ಕದಲ್ಲಿ ಬಾಯಿ ಮುಚ್ಕೊಂಡು ಕೂತಿರಿ, ಇದು ಹೇಳಿದಷ್ಟು ಸುಲಭ ಅಲ್ಲ, ಏಳು ವರ್ಷದ ಚಟ.

ಹ್ಯಾಂಡೋವರ್ ನಿಜವಾಗ್ಲೂ ಆಗಿದೆಯಾ ಅಂತ ನೋಡೋಕೆ ಒಂದು ಸುಲಭ ದಾರಿ ಇದೆ. ನಲವತ್ತನೇ ದಿನದ ಹೊತ್ತಿಗೆ, ಅಂದ್ರೆ ಜುಲೈ 12ರ ಸುಮಾರಿಗೆ, ಒಂದು ವಾರ ನಿಮ್ಮ ಫೋನ್ ಕಾಲ್ ಲಿಸ್ಟ್ ನೋಡಿ, ಈ ಮೂರು ಪಾರ್ಟಿಯಿಂದ ನಿಮಗೆ ಎಷ್ಟು ಬಂತು, ಹೊಸಬನಿಗೆ ಎಷ್ಟು ಹೋಯ್ತು. ಅರ್ಧಕ್ಕಿಂತ ಜಾಸ್ತಿ ನಿಮಗೇ ಬರ್ತಿದ್ರೆ ಶೀಟ್ ಎಷ್ಟೇ ಚೆನ್ನಾಗಿರಲಿ ಆಗಿಲ್ಲ ಅಂತಲೇ ಲೆಕ್ಕ. ಆಗ ನೀವು ಫೋನ್ ಎತ್ತಿ ಕೆಲಸ ಮಾಡ್ಕೊಡೋದು ನಿಲ್ಲಿಸಿ, "ಅವರಿಗೆ ಹೇಳ್ತೀನಿ, ಈಗಲೇ ಕಾಲ್ ಮಾಡ್ತಾರೆ" ಅನ್ನಿ, ಹತ್ತು ನಿಮಿಷದಲ್ಲಿ ಅವನ ಕೈಲಿ ಕಾಲ್ ಮಾಡಿಸಿ.

ಕೆಲವು ಓನರ್‌ಗಳು ನಲವತ್ತೈದು ದಿನ ಆದ್ರೂ ಬದಲಿ ಜನ ಕೊಡಲ್ಲ, ನೀವು ಮನಸ್ಸು ಬದಲಾಯಿಸ್ತೀರಿ ಅಂತ ಕಾಯ್ತಾ ಇರ್ತಾರೆ. ಹೊಸಬ ಬರಲಿ ಅಂತ ನೀವೂ ಕಾಯಬೇಡಿ. ಮೂರನೇ ವಾರಕ್ಕೆ ಹೆಸರು ಬರದಿದ್ರೆ ಆಫೀಸಲ್ಲಿ ಆರ್ಡರ್ ನೋಡ್ಕೊಳ್ಳೋ ಸೇಲ್ಸ್ ಕೋಆರ್ಡಿನೇಟರ್‌ಗೂ ಓನರ್‌ಗೂ ಹ್ಯಾಂಡೋವರ್ ಮಾಡ್ತಾ ಹೋಗಿ, ವಾರಕ್ಕೊಂದು ಮೇಲ್ ಹಾಕಿ ಇಷ್ಟು ಮುಗೀತು ಇಷ್ಟು ಬಾಕಿ ಅಂತ. ಇದಕ್ಕೆ ತದ್ವಿರುದ್ಧವೂ ಆಗುತ್ತೆ, ನೀವು ಹೋಗ್ತಿರೋದು ಅದೇ ಲೈನಿನ ಕಂಪನಿಗೆ ಅಂತ ಗೊತ್ತಾದ ಕೂಡಲೇ "ನಾಳೆಯಿಂದ ಬರಬೇಡಿ" ಅಂತಾರೆ. ಹಾಗಂದ್ರೆ ವಾದ ಬೇಡ, ಅದನ್ನೇ ಮೇಲ್‌ನಲ್ಲಿ ಬರೆದುಕೊಡೋಕೆ ಹೇಳಿ, ಬರೆದಿಲ್ಲ ಅಂದ್ರೆ ನೀವೇ "ಇವತ್ತು ನೀವು ಹೇಳಿದ ಪ್ರಕಾರ" ಅಂತ ಮೇಲ್ ಹಾಕಿ, ನಿಮ್ಮ ಸ್ವಂತ ಮೇಲ್‌ನಿಂದಾದ್ರೂ ಸರಿ. ಇಲ್ಲಾಂದ್ರೆ ನೋಟಿಸ್ ಪೂರ್ತಿ ಮಾಡದೆ ಬಿಟ್ಟೋದ ಅಂತ 60 ದಿನದ ಸಂಬಳ ವಾಪಸ್ ಕೇಳೋ ಜನವೂ ಇದಾರೆ.

ಹೊಸ ಕಂಪನಿ ಅದೇ ಲೈನ್ ಆಗಿರೋದ್ರಿಂದ ಇದು ಮುಖ್ಯ. ಲೆಟರ್‌ನಲ್ಲಿ "ಎರಡು ವರ್ಷ ಇದೇ ವ್ಯಾಪಾರದಲ್ಲಿ ಕೆಲಸ ಮಾಡಬಾರದು" ಅಂತ ಇದ್ರೆ ಹೆದರಬೇಡಿ, ಕೆಲಸ ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಅಡ್ಡ ಹಾಕೋ ಅಂಥ ಷರತ್ತು 1872ರ ಕಾಂಟ್ರಾಕ್ಟ್ ಆಕ್ಟ್ 27ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ನಿಲ್ಲಲ್ಲ. ಆದ್ರೆ ನೋಟಿಸ್ ಮುಗಿಯೋವರೆಗೂ ನೀವು ಇಲ್ಲಿಯ ನೌಕರರು, ಅಷ್ಟರೊಳಗೆ ಈ ಪಾರ್ಟಿಗಳ ಹತ್ರ ಹೊಸ ಕಂಪನಿ ಮಾತು ಎತ್ತೋದು ತಪ್ಪೇ. ಮತ್ತೆ ರೇಟ್ ಲಿಸ್ಟ್, ಪಾರ್ಟಿ ಲಿಸ್ಟ್, ಕಾಸ್ಟಿಂಗ್ ಶೀಟ್ ಸ್ವಂತ ಮೇಲ್‌ಗೋ ಪೆನ್‌ಡ್ರೈವ್‌ಗೋ ಹಾಕ್ಕೊಂಡ್ರೆ ಅದು ಬೇರೆಯೇ ಕೇಸು, 27ನೇ ಸೆಕ್ಷನ್ ಅಲ್ಲಿ ಕಾಪಾಡಲ್ಲ. ತಲೇಲಿ ಇರೋದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ ಬಿಡಿ. ಫೋನ್ ನಂಬರ್ ಕಂಪನಿ ಸಿಮ್ ಆಗಿದ್ರೆ ಕೊಟ್ಟುಬಿಡಿ, ಬ್ಯಾಂಕ್ ಮತ್ತೆ ಆಧಾರ್‌ಗೆ ಆ ನಂಬರ್ ಲಿಂಕ್ ಇದ್ರೆ ಮೊದಲೇ ಬದಲಾಯಿಸ್ಕೊಂಡು ಕೊಡಿ. ಸ್ವಂತ ಸಿಮ್ ಆಗಿದ್ರೆ ಕೊಡೋ ಅಗತ್ಯ ಇಲ್ಲ, ಆದ್ರೆ ಪಾರ್ಟಿ ವಾಟ್ಸಾಪ್ ಗ್ರೂಪ್‌ಗಳಿಗೆ ಹೊಸಬನನ್ನ ಅಡ್ಮಿನ್ ಮಾಡಿ, ಆಗಸ್ಟ್ 1 ಸಂಜೆ ನೀವು ಹೊರಗೆ ಬನ್ನಿ.

ಹಾಗಾದ್ರೆ ನಾಳೆ ನಿಮ್ಮ ಕೈಲಿ ಸಾಕ್ಷಿ ಏನಿರುತ್ತೆ ಅಂತ ನೀವು ಕೇಳ್ತೀರಿ, ಯಾಕಂದ್ರೆ ಹ್ಯಾಂಡೋವರ್ ಶೀಟ್‌ನಲ್ಲಿ ರೇಟು ಬಾಕಿ ಎಲ್ಲಾ ಇದೆ, ಅದನ್ನ ಮನೆಗೆ ತಗೊಂಡು ಹೋಗೋ ಹಾಗಿಲ್ಲ. ಅದಕ್ಕೆ ಕೊನೇ ವಾರ ಬೇರೆ ಒಂದು ಪುಟ ಮಾಡಿ, ರೇಟು ಮೊತ್ತ ಏನೂ ಇಲ್ಲದೆ: ಮೂರು ಪಾರ್ಟಿಯ ಬ್ಯಾಲೆನ್ಸ್ ಕನ್ಫರ್ಮೇಶನ್ ಅಕೌಂಟ್ಸ್‌ಗೆ ಇಂಥ ದಿನ ಕೊಟ್ಟಿದೆ, ಬಾಯಿಮಾತಿನ ಪಟ್ಟಿ ಓನರ್‌ಗೆ ಇಂಥ ದಿನ ಕೊಟ್ಟಿದೆ, ಗೋಡೌನ್ ಸ್ಟಾಕ್ ಇಂಥವರ ಜೊತೆ ಎಣಿಸಿದೆ, ಲ್ಯಾಪ್‌ಟಾಪ್ ಸಿಮ್ ಕೊಟ್ಟಿದೆ. ಅದಕ್ಕೆ ಓನರ್ ಸಹಿ, ಹೊಸಬನ ಸಹಿ, ನಿಮ್ಮ ಸಹಿ, ಎರಡು ಕಾಪಿ. ಒಂದು ಅವರಿಗೆ, ಒಂದನ್ನ ರಿಲೀವಿಂಗ್ ಲೆಟರ್ ಜೊತೆ ನಿಮ್ಮ ಫೈಲಿಗೆ ಹಾಕಿಡಿ.